ಕೃತಿಚೌರ್ಯದ ಆರೋಪ: ನನ್ನ ಉತ್ತರ

ಪರೀಕ್ಷಾ ಸಮಿತಿಯ ಅಧ್ಯಕ್ಷರಿಗೆ ನಮಸ್ಕಾರ.

ನನ್ನ ಪ್ರಾಜೆಕ್ಟ್ ವರದಿಯ ಮೂರನೇ ಅಧ್ಯಾಯದಲ್ಲಿ ನಕಲು ಇದೆ ಎಂದು ನೀವು ಮಾರ್ಚ್ 12ರಂದು ಬರೆದ ಪತ್ರ ತಲುಪಿದೆ. ನಾನು ಯಾರ ಬರಹವನ್ನೂ ಕದ್ದಿಲ್ಲ.

ಪತ್ರದಲ್ಲಿ ‘ಶೇ 31 ಹೋಲಿಕೆ’ ಎಂದಷ್ಟೇ ಇದೆ. ಯಾವ ಸಾಲು, ಯಾವ ಮೂಲ ಎಂದು ಗೊತ್ತಾಗದೆ ಏನಂತ ಉತ್ತರಿಸಲಿ? ದಯವಿಟ್ಟು ಪೂರ್ತಿ ಹೋಲಿಕೆ ವರದಿ ಮತ್ತು ಗುರುತು ಹಾಕಿದ ಪುಟಗಳನ್ನು ಕೊಡಿ. ಉದ್ಧರಣ ಚಿಹ್ನೆಯೊಳಗಿನ ಸಾಲುಗಳು, ಗ್ರಂಥಸೂಚಿ ಕೂಡ ಆ ಲೆಕ್ಕದಲ್ಲಿ ಸೇರಿವೆಯೇ ತಿಳಿಸಿ.

ಪುಟ 42ರ ಒಂದು ಉದ್ಧರಣೆಗೆ ಪುಟಸಂಖ್ಯೆ ಬಿಟ್ಟುಹೋಗಿದೆ. ಅದು ನನ್ನ ತಪ್ಪು. ಆದರೆ ಲೇಖಕರ ಹೆಸರು ಅಲ್ಲೇ ಇದೆ.

ಸುಮ್ನೆ ಅಲ್ಲಗಳೆಯುತ್ತಿಲ್ಲ. ಕೈಬರಹದ ಟಿಪ್ಪಣಿ, ಐದು ಕರಡುಗಳು ನನ್ನ ಬಳಿ ಇವೆ, ತರುತ್ತೇನೆ. ಸಾಕ್ಷ್ಯ ಕೈಸೇರಿದ ಮೇಲೆ ಉತ್ತರಿಸಲು 10 ದಿನ ಕೊಡಿ. ಅಲ್ಲಿಯವರೆಗೆ ತೀರ್ಮಾನ ತಡೆಹಿಡಿಯಬೇಕೆಂದು ಕೋರುತ್ತೇನೆ.

ಇಂತಿ,
ಎಂ.ಎ. ಅಂತಿಮ ವರ್ಷದ ವಿದ್ಯಾರ್ಥಿನಿ