ರಕ್ತಹೀನತೆಗೆ ವಾರದ ಊಟದ ಪಟ್ಟಿ: ಸೊಪ್ಪು, ಕಾಳು, ಹುಳಿಹಣ್ಣು

ನೀವು ಕೊಟ್ಟ ವಿವರ ಹೀಗಿದೆ: ವಯಸ್ಸು 22, ತೂಕ 46 ಕೆ.ಜಿ. ಹಿಮೋಗ್ಲೋಬಿನ್ 9.2, ಮೈಯಲ್ಲಿ ಕೂಡಿಟ್ಟ ಕಬ್ಬಿಣವನ್ನು ತೋರಿಸುವ ಫೆರಿಟಿನ್ 8. ಬಿ.ಎಡ್. ವಿದ್ಯಾರ್ಥಿನಿ, ಮನೆ ಕಲಬುರಗಿಯಲ್ಲೇ. ಮಾಂಸ, ಮೊಟ್ಟೆ, ಹಾಲು, ಮೊಸರು ಯಾವುದೂ ಇಲ್ಲ. ಬೆಳಿಗ್ಗೆ ಎಂಟೂವರೆಗೆ ಹೊರಟು, ಮಧ್ಯಾಹ್ನ ಡಬ್ಬಿ ಊಟ. ದಿನಕ್ಕೆ ನಾಲ್ಕು ಸಲ ಚಹಾ, ಅದರಲ್ಲಿ ಎರಡು ಸಲ ಊಟ, ನಾಷ್ಟಾದ ಜೊತೆಗೇ. ಡಿಸೆಂಬರ್ ತಿಂಗಳ ಸಂತೆಯಲ್ಲಿ ಸಿಗುವುದನ್ನು ನೋಡಿ ಈ ಪಟ್ಟಿ ಮಾಡಿದೆ. ಅಡುಗೆ ಮಾಡುವವರು ನಿಮ್ಮ ಅವ್ವ, ಆದ್ದರಿಂದ ಇದನ್ನು ಅವರೂ ಒಮ್ಮೆ ಓದಲಿ.

ನಿಮ್ಮ ತಾಟಿನಲ್ಲಿ ಕಬ್ಬಿಣ ಇಲ್ಲವೆಂದಲ್ಲ. ಜೋಳ, ಸಜ್ಜೆ, ತೊಗರಿ, ಮಡಕಿ, ತಪ್ಪಲ ಪಲ್ಯ ಎಲ್ಲವೂ ನಮ್ಮ ಭಾಗದ ಊಟದಲ್ಲಿ ಮೊದಲಿನಿಂದಲೂ ಇವೆ. ತೊಂದರೆ ಎಂದರೆ ಸಸ್ಯಾಹಾರದ ಕಬ್ಬಿಣವನ್ನು ಕರುಳು ಸುಲಭಕ್ಕೆ ಹೀರುವುದಿಲ್ಲ. ನೂರು ಪಾಲಿನಲ್ಲಿ ಐದರಿಂದ ಹತ್ತು ಪಾಲು ಮೈಗೆ ಹತ್ತಿದರೆ ಹೆಚ್ಚು. ಅದೇ ತುತ್ತಿನ ಜೊತೆ ವಿಟಮಿನ್ ಸಿ ಹೋದರೆ ಈ ಪಾಲು ಏರುತ್ತದೆ, ಚಹಾ ಹೋದರೆ ಇಳಿಯುತ್ತದೆ. ಪಟ್ಟಿಯನ್ನೆಲ್ಲ ಈ ಲೆಕ್ಕದ ಮೇಲೆಯೇ ಕಟ್ಟಿದೆ.

ಊಟವೊಂದರಿಂದಲೇ 9.2 ಅನ್ನು 12ಕ್ಕೆ ಒಯ್ಯಲಾಗದು. ವೈದ್ಯರು ಬರೆದ ಕಬ್ಬಿಣದ ಗುಳಿಗೆ ನಡೆಯಬೇಕು, ಊಟ ಅದಕ್ಕೆ ಆಸರೆ. ಹಾಲು ಸಹ ಇಲ್ಲದ ಊಟವಾದ್ದರಿಂದ ಬಿ12 ಗುಳಿಗೆಯೂ ಬೇಕೇ ಬೇಕು. ಸೊಪ್ಪು ಕಾಳುಗಳಿಂದ ಅದು ಸಿಗುವುದಿಲ್ಲ. ಪ್ರಮಾಣವನ್ನು ವೈದ್ಯರಿಂದಲೇ ಬರೆಸಿಕೊಳ್ಳಿ.

ದಿನದ ಹೊತ್ತು

ಬೆಳಿಗ್ಗೆ 6:30ಕ್ಕೆ ಖಾಲಿ ಹೊಟ್ಟೆಯಲ್ಲಿ ಗುಳಿಗೆ, ಜೊತೆಗೆ ಒಂದು ಲೋಟ ನೀರಿಗೆ ಅರ್ಧ ನಿಂಬೆ ಹಿಂಡಿ ಕುಡಿಯಿರಿ. ಹೊಟ್ಟೆ ತೊಳಸಿದರೆ ಬಿಡಬೇಡಿ, ರಾತ್ರಿ ಊಟವಾದ ಮೇಲೆ ತೆಗೆದುಕೊಳ್ಳಿ. ಹೀರುವುದು ಸ್ವಲ್ಪ ಕಡಿಮೆಯಾದರೂ ತಪ್ಪಿಸುವುದಕ್ಕಿಂತ ಮೇಲು. ಮಲ ಕಪ್ಪಗಾಗುವುದು ಗುಳಿಗೆಯಿಂದ, ಹೆದರಬೇಡಿ. ಕ್ಯಾಲ್ಸಿಯಂ ಗುಳಿಗೆ ಇದ್ದರೆ ಎರಡರ ನಡುವೆ ಕನಿಷ್ಠ ಎರಡು ತಾಸು ಅಂತರ ಇರಲಿ.

8:00ಕ್ಕೆ ನಾಷ್ಟಾ, 1:00ಕ್ಕೆ ಡಬ್ಬಿ, 4:00ಕ್ಕೆ ಚಹಾ, 8:00ಕ್ಕೆ ರಾತ್ರಿ ಊಟ. ಚಹಾ ದಿನಕ್ಕೆ ಒಂದೇ, ಅದೂ ಆ ನಾಲ್ಕು ಗಂಟೆಯದು. ನಾಷ್ಟಾದ ಜೊತೆ ಚಹಾ ಬಿಡುವುದು ಮೊದಲ ವಾರ ಕಷ್ಟ, ತಲೆ ಹಿಡಿದಂತಾಗಬಹುದು. ಆ ಹೊತ್ತಿಗೆ ಶುಂಠಿ, ಜೀರಿಗೆ ಕುದಿಸಿದ ಬಿಸಿ ನೀರು ಕುಡಿಯಿರಿ. ಹಾಲಿಲ್ಲದ ಕರಿ ಚಹಾ ಆದರೆ ನಡೆಯುತ್ತದೆ ಎಂದುಕೊಳ್ಳಬೇಡಿ, ಕಬ್ಬಿಣವನ್ನು ಕಟ್ಟಿಹಾಕುವುದು ಚಹಾ ಎಲೆಯಲ್ಲಿನ ಒಗರು.

ಅಳತೆ: ಒಂದು ಬಟ್ಟಲು ಎಂದರೆ 150 ಮಿ.ಲೀ. ಸೊಪ್ಪು ಸೋಸಿ ಬಿಡಿಸಿದ ಮೇಲೆ 100 ಗ್ರಾಂ, ಅಂದರೆ ಮೂರು ಹಿಡಿ. ಬೆಂದರೆ ಅರ್ಧ ಬಟ್ಟಲಾಗುತ್ತದೆ. ಅಷ್ಟು ಒಬ್ಬರಿಗೆ ಒಂದು ಊಟಕ್ಕೆ.

ಹುಳಿ ಎಂದರೆ ಎಲ್ಲ ಒಂದೇ ಅಲ್ಲ

ಬಹಳ ಮನೆಗಳಲ್ಲಿ ತಪ್ಪುವುದು ಇಲ್ಲಿಯೇ. ಹುಣಸೆ ಹುಳಿ, ಆದರೆ ಅದರಲ್ಲಿ ವಿಟಮಿನ್ ಸಿ ಬಹಳ ಕಡಿಮೆ. ಪುಂಡಿ ಪಲ್ಯವೂ ಹುಳಿ, ಆದರೆ ಕುದಿಸುವಾಗ ಅದರ ವಿಟಮಿನ್ ಸಿ ಬಹುಪಾಲು ಹೋಗುತ್ತದೆ. ನಿಂಬೆ ಒಳ್ಳೆಯದೇ, ಆದರೆ ಅರ್ಧ ಹೋಳಿನಿಂದ ಬರುವುದು ಸುಮಾರು 7 ಮಿ.ಗ್ರಾಂ. ಒಂದು ಮಧ್ಯಮ ಪೇರಲ ಹಣ್ಣಿನಲ್ಲಿ ಸುಮಾರು 200 ಮಿ.ಗ್ರಾಂ, ಒಂದು ನೆಲ್ಲಿಕಾಯಿಯಲ್ಲಿ ಸುಮಾರು 60. ಆದ್ದರಿಂದ ನಿಂಬೆ ರುಚಿಗೆ ಇರಲಿ, ಕೆಲಸಕ್ಕೆ ಪೇರಲ ಅಥವಾ ನೆಲ್ಲಿಕಾಯಿ. ಅರ್ಧ ಪೇರಲ ಊಟದ ಜೊತೆಗೇ ತಿನ್ನಿ. ಸಂಜೆ ಹಸಿವಾದಾಗ ತಿಂದರೆ ಮಧ್ಯಾಹ್ನದ ರೊಟ್ಟಿ ಪಲ್ಯಕ್ಕೆ ಅದು ಸಹಾಯಕ್ಕೆ ಬರುವುದಿಲ್ಲ. ಹಣ್ಣನ್ನು ಬೆಳಿಗ್ಗೆಯೇ ಹೆಚ್ಚಿ ಡಬ್ಬಿಗೆ ಹಾಕಬೇಡಿ, ಇಡಿಯಾಗಿ ಒಯ್ದು ಅಲ್ಲಿ ಕಚ್ಚಿ ತಿನ್ನಿ. ನಿಂಬೆಯನ್ನು ಒಲೆ ಆರಿಸಿದ ಮೇಲೆ, ತಾಟಿನಲ್ಲಿ ಹಿಂಡಿ.

ಭಾನುವಾರ ಸಂಜೆಯ ತಯಾರಿ

ಮಡಕಿ ಎರಡು ಬಟ್ಟಲು, ಹೆಸರುಕಾಳು ಒಂದು ಬಟ್ಟಲು, ಬೇರೆ ಬೇರೆ ಎಂಟು ತಾಸು ನೆನೆಸಿ. ನೀರು ಪೂರ್ತಿ ಬಸಿದು ಹಸಿ ಬಟ್ಟೆಯಲ್ಲಿ ಸಡಿಲವಾಗಿ ಕಟ್ಟಿ. ಚಳಿಗಾಲದಲ್ಲಿ ಮೊಳಕೆಗೆ 24 ತಾಸಾದರೂ ಬೇಕು, ಒಲೆಯ ಹತ್ತಿರದ ಬೆಚ್ಚಗಿನ ಮೂಲೆಯಲ್ಲಿಡಿ. ಲೋಳೆ ಬಂದು ವಾಸನೆ ಹೊಡೆದರೆ ನೀರು ನಿಂತಿದೆ, ಇಲ್ಲವೇ ಗಂಟು ಬಿಗಿಯಾಗಿ ಗಾಳಿ ಆಡಿಲ್ಲ. ಅದನ್ನು ಚೆಲ್ಲಿ, ತೊಳೆದು ಬಳಸಬೇಡಿ. ಮೊಳಕೆ ಕಾಳಿನ ತುದಿಯಲ್ಲಿ ಬೆರಳುಗುರಿನಷ್ಟು ಇಣುಕಿದರೆ ಸಾಕು. ಕಾಳಿನಲ್ಲಿ ಕಬ್ಬಿಣವನ್ನು ಹಿಡಿದಿಡುವ ಫೈಟೇಟ್ ಎಂಬ ವಸ್ತು ನೆನೆಸಿ ಮೊಳಕೆ ಬರಿಸಿದಾಗ ಕಡಿಮೆಯಾಗುತ್ತದೆ. ಫ್ರಿಜ್ಜಿನಲ್ಲಿ ಮೂರು ದಿನ ಇಡಬಹುದು. ಹಸಿಯಾಗಿ ತಿನ್ನದೆ ಬೇಯಿಸಿಯೇ ತಿನ್ನಿ.

ಕಾಳು ಬೇಗ ಬೇಯಲೆಂದು ಸೋಡಾ ಹಾಕಬೇಡಿ. ಅದರಿಂದ ಬಿ1 ಹಾಳಾಗುತ್ತದೆ.

ಸೋಮವಾರ ಮತ್ತು ಮಂಗಳವಾರ

ಸೋಮವಾರದ ನಾಷ್ಟಾಕ್ಕೆ ಮೊಳಕೆ ಕಾಳು ಸಿದ್ಧ ಇರುವುದಿಲ್ಲ. ಸೂಸಲಾ ಮಾಡಿ: ಚುರುಮುರಿ ಎರಡು ಬಟ್ಟಲು, ಪುಟಾಣಿ ಹಿಟ್ಟು ಎರಡು ಚಮಚ, ಹುರಿದ ಶೇಂಗಾ ಒಂದು ಹಿಡಿ, ಕೊತ್ತಂಬರಿ, ಟಮಾಟೆ. ಚುರುಮುರಿಯಲ್ಲಿ ಹೆಚ್ಚೇನೂ ಇಲ್ಲ, ಸತ್ವ ಬರುವುದು ಪುಟಾಣಿ, ಶೇಂಗಾದಿಂದ. ಅವನ್ನು ಕಡಿಮೆ ಮಾಡಬೇಡಿ. ಜೊತೆಗೆ ಒಂದು ನೆಲ್ಲಿಕಾಯಿ, ಉಪ್ಪು ಹಚ್ಚಿ. ಡಬ್ಬಿಗೆ ಎರಡು ಬಿಳಿಜೋಳದ ರೊಟ್ಟಿ, ಮೆಂತ್ಯ ಪಲ್ಯಕ್ಕೆ ಹೆಸರುಬೇಳೆ ಅರ್ಧ ಬಟ್ಟಲು, ಅರ್ಧ ಪೇರಲ. ರಾತ್ರಿ ಅನ್ನದ ಜೊತೆ ತೊಗರಿಬೇಳೆ ಹಾಕಿದ ಪುಂಡಿ ಪಲ್ಯ, ಒಂದು ರೊಟ್ಟಿ, ಹಸಿ ಈರುಳ್ಳಿ, ಮೇಲೆ ನಿಂಬೆ, ಉಳಿದ ಪೇರಲ.

ಮಂಗಳವಾರ ಮೊಳಕೆ ಸಿದ್ಧ. ಮಡಕಿ ಉಸಳಿ ಒಂದೂವರೆ ಬಟ್ಟಲು, ಒಂದು ರೊಟ್ಟಿ, ನೆಲ್ಲಿಕಾಯಿ. ಮಧ್ಯಾಹ್ನ ಎರಡು ಸಜ್ಜೆ ರೊಟ್ಟಿ, ಝುಣಕ, ಹಸಿಯಾಗಿ ಹೆಚ್ಚಿದ ದೊಡ್ಡ ಮೆಣಸಿನಕಾಯಿ. ಸಜ್ಜೆಯಲ್ಲಿ ಜೋಳಕ್ಕಿಂತ ಕಬ್ಬಿಣ ಹೆಚ್ಚು: 100 ಗ್ರಾಂಗೆ ಸುಮಾರು 6 ಮಿ.ಗ್ರಾಂ, ಜೋಳದಲ್ಲಿ ಸುಮಾರು 4. ರಾತ್ರಿ ಹುರುಳಿ ಸಾರು, ಅನ್ನ, ರಾಜಗಿರಿ ಪಲ್ಯ, ಒಂದು ಮೋಸಂಬಿ.

ಬುಧವಾರ

ಜೋಳದ ಹಿಟ್ಟಿಗೆ ನೆನೆಸಿದ ಉದ್ದಿನಬೇಳೆ ರುಬ್ಬಿ ಸೇರಿಸಿ, ಹಿಂದಿನ ರಾತ್ರಿ ಹುದುಗಲು ಬಿಟ್ಟು ದೋಸೆ, ಮೂರು. ಹುದುಗುವುದರಿಂದಲೂ ಫೈಟೇಟ್ ಕಡಿಮೆಯಾಗುತ್ತದೆ. ಚಳಿಗೆ ಹಿಟ್ಟು ಏಳದಿದ್ದರೆ ಪಾತ್ರೆಯನ್ನು ಬಿಸಿನೀರಿನ ಬೋಗುಣಿಯಲ್ಲಿಡಿ. ಚಟ್ನಿಗೆ ಟಮಾಟೆ, ಎಳ್ಳು. ಡಬ್ಬಿಗೆ ನುಗ್ಗೆ ಸೊಪ್ಪು, ತೊಗರಿಬೇಳೆ, ಎರಡು ರೊಟ್ಟಿ, ಅರ್ಧ ಪೇರಲ. ನುಗ್ಗೆ ಎಲೆಗಳನ್ನು ಕಡ್ಡಿಯಿಂದ ಪೂರ್ತಿ ಬಿಡಿಸಿ, ಕಡ್ಡಿ ಉಳಿದರೆ ಗಂಟಲಿಗೆ ಚುಚ್ಚಿ ಮುಂದಿನ ಸಲ ನೀವೇ ಬೇಡ ಅನ್ನುತ್ತೀರಿ. ರಾತ್ರಿ ಮೊಳಕೆ ಹೆಸರಿನ ಸಾರು, ಅನ್ನ, ಒಂದು ನೆಲ್ಲಿಕಾಯಿ.

ಗುರುವಾರ, ಶುಕ್ರವಾರ

ಈಗ ಕಡಲೆ ಹೊಲದಲ್ಲಿ ಎಳೆಯದಾಗಿದೆ. ಕಡಲೆ ಪಲ್ಯ ಸಿಕ್ಕರೆ ಗುರುವಾರದ ಡಬ್ಬಿಗೆ ಅದು, ಕಡಲೆಬೇಳೆ ಹಾಕಿ, ಕಬ್ಬಿಣದ ಬಾಣಲೆಯಲ್ಲಿ. ಸ್ವಲ್ಪ ಹುಳಿ ಹಾಕಿ ಕಬ್ಬಿಣದ ಬಾಣಲೆಯಲ್ಲಿ ಬೇಯಿಸಿದರೆ ಪಾತ್ರೆಯಿಂದಲೂ ಕಬ್ಬಿಣ ಇಳಿಯುತ್ತದೆ. ಆದರೆ ಪಲ್ಯವನ್ನು ಅದರಲ್ಲೇ ಬಿಡಬೇಡಿ, ಕಪ್ಪಾಗಿ ಲೋಹದ ವಾಸನೆ ಹಿಡಿಯುತ್ತದೆ. ಆದ ಕೂಡಲೇ ತೆಗೆಯಿರಿ. ಬೆಳಿಗ್ಗೆ ಉಪ್ಪಿಟ್ಟಿಗೆ ಬಟಾಣಿ, ಶೇಂಗಾ, ಜೊತೆಗೆ ಮೋಸಂಬಿ. ರಾತ್ರಿ ಚನ್ನಂಗಿ ಬೇಳೆ ಸಾರು, ಅನ್ನ, ಹಸಿ ಟಮಾಟೆ, ನೆಲ್ಲಿಕಾಯಿ.

ಶುಕ್ರವಾರ ಬೆಳಿಗ್ಗೆ ಎರಡು ಸಜ್ಜೆ ರೊಟ್ಟಿ, ಅಗಸಿ ಹಿಂಡಿ, ಪೇರಲ. ಮಧ್ಯಾಹ್ನ ರಾತ್ರಿಯಿಡೀ ನೆನೆಸಿದ ಕಡಲೆಕಾಳು, ಮೆಂತ್ಯ ಹಾಕಿ. ರಾತ್ರಿ ಬ್ಯಾಳಿ, ಅನ್ನ, ರಾಜಗಿರಿ. ಪಾಲಕನ್ನು ಈ ಪಟ್ಟಿಯಲ್ಲಿ ಹಾಕದಿರುವುದಕ್ಕೆ ಕಾರಣವಿದೆ: ಅದರ ಕಬ್ಬಿಣದ ಹೆಸರು ದೊಡ್ಡದು, ಮೈಗೆ ಸಿಗುವುದು ಕಡಿಮೆ. ತಿನ್ನಬಾರದೆಂದಲ್ಲ, ಅದನ್ನೇ ನಂಬಿ ಕೂರಬಾರದು. ಬೀಟ್‌ರೂಟ್ ಕೆಂಪಾಗಿದೆ ಎಂದು ರಕ್ತ ಹೆಚ್ಚುವುದೂ ಇಲ್ಲ.

ಶನಿವಾರ

ಅರ್ಧ ದಿನ ಕಾಲೇಜು, ಹೊರಗೆ ತಿನ್ನುವ ದಿನ. ಕುದಿಸಿದ ಶೇಂಗಾ, ಹಸಿ ಕಡಲೆ, ಉಸಳಿ, ಪೇರಲ ಸಿಕ್ಕರೆ ತಿನ್ನಿ. ಮಿರ್ಚಿ, ಚಹಾ ಎರಡನ್ನೂ ಊಟದ ಬದಲಿಗೆ ತೆಗೆದುಕೊಳ್ಳಬೇಡಿ. ಮನೆಗೆ ಬಂದು ಅನ್ನ, ತೊಗರಿಬೇಳೆ, ಮೆಂತ್ಯ.

ಭಾನುವಾರ: ಭಜ್ಜಿ

ಎಳ್ಳಮಾವಾಸ್ಯೆಗೆ ಹೊಲಕ್ಕೆ ಒಯ್ಯುವ ಭಜ್ಜಿಯನ್ನು ಹಬ್ಬಕ್ಕಷ್ಟೇ ಬಿಡಬೇಡಿ. ಸೊಪ್ಪು, ಕಾಳು, ಹುಳಿ ಒಂದೇ ಪಾತ್ರೆಯಲ್ಲಿ. ನಾಲ್ವರಿಗೆ: ಹಸಿ ತೊಗರಿ ಕಾಳು, ಹಸಿ ಕಡಲೆ, ಅವರೆ, ಬಟಾಣಿ ತಲಾ ಅರ್ಧ ಬಟ್ಟಲು, ಶೇಂಗಾ ಒಂದು ಹಿಡಿ, ಮೆಂತ್ಯ ಎರಡು ಕಟ್ಟು, ಹಸಿ ಬೆಳ್ಳುಳ್ಳಿ ಎಲೆ ಸಮೇತ ಒಂದು ಹಿಡಿ, ಕಡಲೆ ಹಿಟ್ಟು ಮೂರು ಚಮಚ, ನೆಲ್ಲಿಕಾಯಿ ಗಾತ್ರದ ಹುಣಸೆ, ಹಸಿಮೆಣಸಿನಕಾಯಿ, ಜೀರಿಗೆ.

ಕಾಳುಗಳನ್ನು ಮೊದಲು ಬೇಯಿಸಿ, ಬೆಂದ ನೀರನ್ನು ಚೆಲ್ಲಬೇಡಿ. ಕಾಳು ಹಿಸುಕಿದರೆ ಮೆದುವಾದ ಮೇಲೆ ಹುಣಸೆ ಹಾಕಿ. ಮೊದಲೇ ಹಾಕಿದರೆ ಕಾಳು ಗಟ್ಟಿಯಾಗಿಯೇ ಉಳಿಯುತ್ತದೆ. ಕಡಲೆ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ ಸಣ್ಣ ಧಾರೆಯಾಗಿ ಹುಯ್ಯುತ್ತಾ ತಿರುವಿ, ಬಿಸಿಗೆ ನೇರ ಒಣ ಹಿಟ್ಟು ಬಿದ್ದರೆ ಗಂಟು ಕಟ್ಟುತ್ತದೆ. ಮೆಂತ್ಯ ಕೊನೆಗೆ, ಐದೇ ನಿಮಿಷ. ಸಜ್ಜೆ ರೊಟ್ಟಿಯೊಂದಿಗೆ, ತಾಟಿನಲ್ಲಿ ನಿಂಬೆ, ಬದಿಗೆ ಪೇರಲ. ನಿಮ್ಮ ಪಾಲು ಎರಡು ಬಟ್ಟಲು.

ಯಾವ ದಿನವಾದರೂ ಹಸಿವೆಯಾದರೆ ಶೇಂಗಾ ಹಿಂಡಿ, ಗುರೆಳ್ಳು ಹಿಂಡಿ, ಎರಡು ಖರ್ಜೂರ. ಹಾಲಿಲ್ಲದ ಊಟಕ್ಕೆ ಕ್ಯಾಲ್ಸಿಯಂಗಾಗಿ ಎಳ್ಳು ದಿನಕ್ಕೊಂದು ಚಮಚ ತಪ್ಪದೆ.

ಮತ್ತೆ ತಪಾಸಣೆ

ನಾಲ್ಕು ವಾರದ ಮೇಲೆ ರಕ್ತ ಪರೀಕ್ಷೆ. ಹಿಮೋಗ್ಲೋಬಿನ್ ಒಂದು ಅಂಕಿಯಾದರೂ ಏರಿರಬೇಕು. ಏರದಿದ್ದರೆ ಗುಳಿಗೆ ತಪ್ಪಿದೆಯೇ, ಊಟದ ಚಹಾ ಬಿಟ್ಟಿಲ್ಲವೇ ಎಂದು ಮೊದಲು ನೋಡಿ. ಎರಡೂ ಸರಿಯಿದ್ದರೆ ವೈದ್ಯರು ಜಂತುಹುಳು, ಮುಟ್ಟಿನ ರಕ್ತಸ್ರಾವ, ಹುಟ್ಟಿನಿಂದ ಬರುವ ರಕ್ತದ ದೋಷಗಳ ಪರೀಕ್ಷೆ ಮಾಡಿಸುತ್ತಾರೆ. ಮುಟ್ಟಿನಲ್ಲಿ ಎರಡೇ ತಾಸಿಗೆ ಪ್ಯಾಡ್ ಬದಲಿಸಬೇಕಾದರೆ ಅಥವಾ ಕುಳಿತಲ್ಲೇ ಏದುಸಿರು ಬಂದರೆ ನಾಲ್ಕು ವಾರ ಕಾಯದೆ ಆ ದಿನವೇ ತೋರಿಸಿ. ಹಿಮೋಗ್ಲೋಬಿನ್ 12 ಮುಟ್ಟಿದ ಮೇಲೂ ಗುಳಿಗೆಯನ್ನು ಸುಮಾರು ಮೂರು ತಿಂಗಳು, ವೈದ್ಯರು ನಿಲ್ಲಿಸಿ ಎನ್ನುವವರೆಗೆ ನಡೆಸಿ. ಫೆರಿಟಿನ್ 8 ಇದ್ದದ್ದು ತುಂಬಿಕೊಳ್ಳಲು ಅಷ್ಟು ಸಮಯ ಬೇಕು.