ಭೀಮೆಯ ಆಚೆ ದಂಡೆಗೆ: ಭಾಗ್ಯಶ್ರೀ–ಶಿವರಾಜ ಮದುವೆಯ ಹೈಲೈಟ್ ಚಿತ್ರದ ಸ್ಕ್ರಿಪ್ಟ್ ರೂಪರೇಷೆ

ಚಿತ್ರದ ಅವಧಿ: 7 ನಿಮಿಷ
ಚಿತ್ರೀಕರಣ: ಏಪ್ರಿಲ್ 22 ಬುಧವಾರ ಮತ್ತು 23 ಗುರುವಾರ
ಸ್ಥಳಗಳು: ಆಳಂದ ತಾಲ್ಲೂಕಿನ ವಧುವಿನ ಮನೆ, ಕಲಬುರಗಿಯ ಕಲ್ಯಾಣ ಮಂಟಪ, ಜೇವರ್ಗಿ ರಸ್ತೆಯ ಭೀಮಾ ಸೇತುವೆ, ಶಹಾಪುರದ ವರನ ಮನೆ
ತಂಡ: ಮೂವರು ಕ್ಯಾಮೆರಾದವರು, ಧ್ವನಿಗೆ ಒಬ್ಬರು

ಚಿತ್ರದ ಎಳೆ

ಎರಡೂ ಮನೆಗಳಲ್ಲಿ ಕುಳಿತು ಮಾತನಾಡಿದಾಗ ಒಂದು ಸಂಗತಿ ತಾನಾಗಿಯೇ ಹೊರಬಂದಿತು. ವಧುವಿನ ಆಯಿ ಜೇವರ್ಗಿ ಕಡೆಯಿಂದ ಭೀಮೆಯನ್ನು ದಾಟಿ ಆಳಂದಕ್ಕೆ ಸೊಸೆಯಾಗಿ ಬಂದವರು. ವರನ ತಾಯಿ ಅಫಜಲಪುರದಿಂದ ಅದೇ ನದಿಯನ್ನು ದಾಟಿ ಶಹಾಪುರಕ್ಕೆ ಹೋದವರು. ಈಗ ಭಾಗ್ಯಶ್ರೀ ದಾಟುತ್ತಾಳೆ. ಆದ್ದರಿಂದ ಈ ಚಿತ್ರ ಮೂವರು ಹೆಣ್ಣುಮಕ್ಕಳು ಒಂದೇ ಹೊಳೆಯನ್ನು ದಾಟಿದ ಕಥೆಯಾಗಿರುತ್ತದೆ, ಉಳಿದ ಶಾಸ್ತ್ರಗಳೆಲ್ಲ ಅದರ ಸುತ್ತ ಬರುತ್ತವೆ. ಸಿನಿಮಾ ಹಾಡನ್ನು ಬಳಸುವುದಿಲ್ಲ. ಹಕ್ಕುಸ್ವಾಮ್ಯದ ತೊಡಕಿನಿಂದ ನಾಳೆ ಯೂಟ್ಯೂಬ್‌ನಲ್ಲಿ ಚಿತ್ರದ ಧ್ವನಿಯೇ ಬಂದ್ ಆಗಬಹುದೆಂಬುದು ಒಂದು ಕಾರಣ. ಆಯಿಯ ಕಂಠದಲ್ಲಿ ಸೋಬಾನ ಪದ ಇರುವಾಗ ಬೇರೆ ಹಾಡೇ ಬೇಡ ಎಂಬುದು ಅದಕ್ಕಿಂತ ದೊಡ್ಡ ಕಾರಣ.

ವಧೂವರರ ಸಂದರ್ಶನ ಇರುವುದಿಲ್ಲ. ಮದುವೆಯ ದಿನ ಅವರನ್ನು ಕುರ್ಚಿಯ ಮೇಲೆ ಕೂರಿಸಿ ‘ಹೇಗನಿಸುತ್ತಿದೆ’ ಎಂದು ಕೇಳಿದರೆ ‘ಖುಷಿ ಆಗ್ಯದ’ ಎಂಬುದರ ಹೊರತು ಬೇರೇನೂ ಸಿಗುವುದಿಲ್ಲ. ಅವರನ್ನು ನೋಡೋಣ, ಮನೆಯವರನ್ನು ಕೇಳೋಣ.

ಮೊದಲ ದಿನ, ಬುಧವಾರ: ವಧುವಿನ ಮನೆ

ಬೆಳಿಗ್ಗೆ 6:15ಕ್ಕೆ ಹಾಲಗಂಬ ನೆಡುವ ಶಾಸ್ತ್ರ. ಕಲಬುರಗಿಯಿಂದ ಮುಕ್ಕಾಲು ಗಂಟೆಯ ದಾರಿಯಾದ್ದರಿಂದ ತಂಡ ಐದಕ್ಕೇ ಹೊರಡಬೇಕು. ಮೊದಲ ಕ್ಯಾಮೆರಾ ಹಂದರದ ಮೇಲೆ ಹಾಕುವ ಹಸಿರು ತಪ್ಪಲನ್ನೂ ಕಂಬದ ಬುಡಕ್ಕೆ ಹಾಲೆರೆಯುವ ಮುತ್ತೈದೆಯರ ಕೈಗಳನ್ನೂ ಹಿಡಿಯಲಿ. ಎರಡನೆಯದು ದೂರ ನಿಂತು ಇಡೀ ಅಂಗಳವನ್ನು ತೋರಿಸಲಿ. ಅಂಗಳಕ್ಕೆ ಶಹಾಬಾದ್ ಕಲ್ಲು ಹಾಸಿದೆ. ಹತ್ತು ಗಂಟೆಯ ನಂತರ ಆ ಕಲ್ಲಿನಿಂದ ಪುಟಿಯುವ ಬೆಳಕು ಮುಖಗಳನ್ನು ಕೆಳಗಿನಿಂದ ಬೆಳಗಿ ಕೆಡಿಸುತ್ತದೆ, ಆದ್ದರಿಂದ ಅಂಗಳದ ಕೆಲಸವೆಲ್ಲ ಅದಕ್ಕೆ ಮುಂಚೆಯೇ ಮುಗಿಯಬೇಕು.

7:30ಕ್ಕೆ ಅರಿಶಿಣ, ಅದಾದ ಮೇಲೆ ಸುರಗಿ. ನಾಲ್ಕು ಮೂಲೆಗೆ ಚೊಂಬುಗಳನ್ನಿಟ್ಟು ಸುತ್ತಲೂ ನೂಲು ಸುತ್ತುವಾಗ ನೂಲಿನ ಎಳೆಯನ್ನೇ ಹಿಂಬಾಲಿಸುವ ಒಂದು ನಿಧಾನದ ಶಾಟ್ ಬೇಕು: ಕೈಯಿಂದ ಚೊಂಬಿನ ಕಂಠಕ್ಕೆ, ಅಲ್ಲಿಂದ ಮುಂದಿನ ಚೊಂಬಿಗೆ, ಕೊನೆಗೆ ನಡುವೆ ಕುಳಿತ ಭಾಗ್ಯಶ್ರೀಯ ಒದ್ದೆ ಹೆಗಲಿಗೆ. ಇದನ್ನು ಸೆಕೆಂಡಿಗೆ 50 ಫ್ರೇಮಿನಲ್ಲಿ ತೆಗೆದು ಅರ್ಧ ವೇಗದಲ್ಲಿ ಬಳಸುತ್ತೇವೆ. ಉಳಿದುದೆಲ್ಲ 25 ಫ್ರೇಮ್, ಶಟರ್ 1/50. ನಮ್ಮ ವಿದ್ಯುತ್ತು 50 ಹರ್ಟ್ಸ್‌ನದಾದ್ದರಿಂದ ಮಂಟಪದ ಟ್ಯೂಬ್‌ಲೈಟುಗಳು ಮಿನುಗದಂತೆ ಉಳಿಸುವ ಲೆಕ್ಕ ಇದೇ. ಯಾರೂ 24ಕ್ಕೆ ಬದಲಾಯಿಸಬಾರದು.

ಸಂದರ್ಶನ 1: ಆಯಿ. ಬೆಳಿಗ್ಗೆ 11:00, ಅಡುಗೆಮನೆಯ ಪಕ್ಕದ ಪಡಸಾಲೆ

ಆಯಿ ಬೀಸುಕಲ್ಲಿನ ಮುಂದೆ ಕುಳಿತಿರುತ್ತಾರೆ, ಕುರ್ಚಿ ಬೇಡ. ಕಲ್ಲಿಗೆ ಅರಿಶಿಣ ಕಟ್ಟಿದ ದಾರ ಹಾಗೆಯೇ ಇರಲಿ. ಬಾಗಿಲಿನ ಬೆಳಕು ಸಾಕು. ಮೊದಲು ಎರಡು ನಿಮಿಷ ಬೀಸುವ ಸದ್ದನ್ನು ಮಾತಿಲ್ಲದೆ ರೆಕಾರ್ಡ್ ಮಾಡಿಕೊಳ್ಳಿ. ಚಿತ್ರ ಆರಂಭವಾಗುವುದು ಆ ಸದ್ದಿನಿಂದ. ಕೂಲರ್ ಬಂದ್ ಇರಬೇಕು. ಹಿಂದೊಂದು ಮದುವೆಯಲ್ಲಿ ಸೆಖೆಗೆ ಸೋತು ನಾನೇ ಕೂಲರ್ ಬಿಟ್ಟುಕೊಂಡು ಒಬ್ಬ ಮುತ್ಯಾನ ಇಡೀ ಮಾತನ್ನು ಹಾಳುಮಾಡಿದ್ದೇನೆ. ಅವರು ಅದೇ ಮಳೆಗಾಲದಲ್ಲಿ ತೀರಿಕೊಂಡರು, ಮನೆಯವರ ಬಳಿ ಅವರ ಧ್ವನಿಯೆಂದು ಉಳಿದದ್ದು ಆ ಬುಸುಬುಸು ಸದ್ದಿನ ನಡುವಿನ ನಾಲ್ಕು ಮಾತು ಮಾತ್ರ.

ಕೇಳಬೇಕಾದವು:
“ಆಯಿ, ನೀವು ಲಗ್ನ ಆಗಿ ಬರೋ ಮುಂದ ಹೊಳಿ ಹ್ಯಾಂಗ ದಾಟಿದ್ರಿ?”
“ಹೊಸ್ತಿಲ ಮ್ಯಾಲ ನಿಂತು ಮುತ್ಯಾನ ಹೆಸರ ಹ್ಯಾಂಗ ಹೇಳಿದ್ರಿ?”
“ಮೊಮ್ಮಗಳಿಗಿ ಏನು ಕಟ್ಟಿ ಕಳಸ್ತೀರಿ?”

ಮೊದಲ ಭೇಟಿಯಲ್ಲಿ ಅವರು ಹೇಳಿದ ಒಡಪು ನಮ್ಮ ಟಿಪ್ಪಣಿಯಲ್ಲಿದೆ: “ಭೀಮಿ ದಂಡ್ಯಾಗ ಬೆಳದದ ಬಿಳಿಜೋಳ, ಸೇರು ತುಂಬಿ ಇಟ್ಟಾರ ಹೊಸ್ತಿಲ ಮ್ಯಾಲ, ಶರಣಪ್ಪನೋರ ಹೆಸರ ಹೇಳ್ತೀನಿ, ಸರೀರವ್ವ ಒಳಗ ಬರ್ತೀನಿ.” ಗಂಡನ ಹೆಸರು ಬರುವಲ್ಲಿ ಅವರು ಸೆರಗನ್ನು ಬಾಯಿಗೆ ತಂದುಕೊಂಡು ನಕ್ಕಿದ್ದರು. ಮುತ್ಯಾ ತೀರಿಕೊಂಡು ಬಹಳ ವರ್ಷಗಳಾದರೂ ಆ ನಾಚಿಕೆ ಹಾಗೆಯೇ ಇದೆ. ಕ್ಯಾಮೆರಾ ಮುಖಕ್ಕೆ ಹತ್ತಿರವಿರಲಿ, ಆದರೆ ಸೆರಗು ಹಿಡಿದ ಕೈ ಫ್ರೇಮಿನಿಂದ ಹೊರಗೆ ಹೋಗಬಾರದು. ಒಂದೇ ಸಲಕ್ಕೆ ತೆಗೆಯಿರಿ. ‘ಇನ್ನೊಮ್ಮೆ ಹೇಳ್ರಿ’ ಎಂದರೆ ಆ ನಗು ಮತ್ತೆ ಬರುವುದಿಲ್ಲ.

ಸಂದರ್ಶನ 2: ವಧುವಿನ ತಂದೆ. ಸಂಜೆ 4:30, ಹಂದರದ ಕೆಳಗೆ

ಅಪ್ಪ ಮಾತು ಕಡಿಮೆ. ಎದುರು ಕೂರಿಸಿದರೆ ‘ಎಲ್ಲಾ ಶರಣಬಸಪ್ಪನ ದಯಾ’ ಎಂದು ಮುಗಿಸಿಬಿಡುತ್ತಾರೆ. ಆದ್ದರಿಂದ ಮಾವಿನ ತೋರಣ ಕಟ್ಟುತ್ತಿರುವಾಗ ಪಕ್ಕದಲ್ಲಿ ನಿಂತು ಮಾತಿಗೆಳೆಯಬೇಕು, ಕಾಲರ್ ಮೈಕ್ ಅಂಗಿಯ ಒಳಗಿರಲಿ. ತೊಗರಿಯ ರಾಶಿ ಮಾಡುವಾಗ ಮಗಳು ಹೊಲಕ್ಕೆ ಬುತ್ತಿ ತರುತ್ತಿದ್ದ ದಿನಗಳ ಬಗ್ಗೆ ಕೇಳಿದರೆ ಬಾಯಿ ಬಿಡುತ್ತಾರೆಂದು ಕಾಕಾ ಹೇಳಿದ್ದಾರೆ. ಮದುವೆಯ ಖರ್ಚು, ಸಾಲ, ತೊಗರಿಯ ದರ ಇವು ಮಾತಿನಲ್ಲಿ ಬಂದರೆ ಬರಲಿ, ಆದರೆ ಚಿತ್ರಕ್ಕೆ ತೆಗೆದುಕೊಳ್ಳುವುದಿಲ್ಲ. ಇದನ್ನು ಬೀಗರೂ ನೋಡುತ್ತಾರೆ.

ರಾತ್ರಿ 7:30ಕ್ಕೆ ಮಂಟಪದಲ್ಲಿ ಬೀಗರನ್ನು ಎದುರುಗೊಳ್ಳುವುದು. ಕಾಲಿಗೆ ನೀರು, ಬೆಲ್ಲ, ಎರಡೂ ಕಡೆಯವರ ಅಪ್ಪುಗೆ. ಚಿತ್ರದಲ್ಲಿ ಇದಕ್ಕೆ 15 ಸೆಕೆಂಡು ಸಾಕು.

ಎರಡನೆಯ ದಿನ, ಗುರುವಾರ: ಕಲಬುರಗಿ

6:30ಕ್ಕೆ ವರನ ಕಡೆಯವರು ಶರಣಬಸವೇಶ್ವರ ದೇವಸ್ಥಾನಕ್ಕೆ ಹೋಗುತ್ತಾರೆ. ಒಳಗೆ ಕ್ಯಾಮೆರಾ ಬಿಡದಿದ್ದರೆ ಜಗಳ ಬೇಡ. ಹೊರಗೆ ಶಿವರಾಜ ಚಪ್ಪಲಿ ಬಿಟ್ಟು ಹಣೆಯ ವಿಭೂತಿ ಸರಿಮಾಡಿಕೊಳ್ಳುವುದೇ ಸಾಕು. 10:00ಕ್ಕೆ ಮೆರವಣಿಗೆ. ಹಲಗೆಯವರ ಎದುರು ಅಣ್ಣತಮ್ಮಂದಿರ ಕುಣಿತ ಹೇಗಿದ್ದರೂ ಪೂರ್ಣ ವಿಡಿಯೊದಲ್ಲಿ ಇರುತ್ತದೆ, ಹೈಲೈಟಿಗೆ ಮೂರು ಶಾಟ್.

ಮುಹೂರ್ತ ಮಧ್ಯಾಹ್ನ 12:28. ಈ ಮನೆತನಗಳಲ್ಲಿ ಮೊದಲು ತಾಳಿ, ಆಮೇಲೆ ಅಕ್ಕಿಕಾಳು ಎಂದು ಅಯ್ಯನವರನ್ನು ಕೇಳಿ ಖಚಿತಪಡಿಸಿಕೊಂಡಿದ್ದೇವೆ. 12:10ರ ಹೊತ್ತಿಗೆ ಎಲ್ಲರೂ ತಮ್ಮ ಜಾಗದಲ್ಲಿರಬೇಕು. ಮೊದಲ ಕ್ಯಾಮೆರಾ ವೇದಿಕೆಯ ಎಡಕ್ಕೆ, ಬಾಸಿಂಗದ ಅಡಿಯ ಕಣ್ಣುಗಳಿಗೆ. ಎರಡನೆಯದು ಅಯ್ಯನವರ ಹೆಗಲಿನ ಹಿಂದಿನಿಂದ ತಾಳಿಯ ಗಂಟಿಗೆ. ಮೂರನೆಯದು ವೇದಿಕೆಗೆ ಬೆನ್ನುಹಾಕಿ ನಿಲ್ಲುತ್ತದೆ ಮತ್ತು ಏನೇ ಆದರೂ ತಿರುಗುವುದಿಲ್ಲ. ಅದರ ಗುರಿ ಮುಂದಿನ ಸಾಲಿನಲ್ಲಿ ಕುಳಿತ ಆಯಿ ಮತ್ತು ವರನ ತಾಯಿ. ತಾಳಿ ಕಟ್ಟುವಾಗ ಬಂಧುಗಳ ಮೊಬೈಲುಗಳು ಅಡ್ಡಬರುವುದು ಖಂಡಿತ, ಆಗ ಈ ಎರಡು ಮುಖಗಳೇ ನಮ್ಮನ್ನು ಉಳಿಸುತ್ತವೆ. ಎರಡು ನಿಮಿಷ ಮೊದಲೇ ಮೂರೂ ಕ್ಯಾಮೆರಾ ಚಾಲೂ ಇರಲಿ, ಅಯ್ಯನವರ ಮೈಕಿನಿಂದ ನೇರ ಧ್ವನಿ ಬರಲಿ. ಅಕ್ಕಿಕಾಳು ಲೆನ್ಸಿನ ಮೇಲೆ ಬೀಳುತ್ತವೆ. ಒರೆಸುವ ಅವಸರಕ್ಕೆ ಶಾಟ್ ಕಡಿಯಬೇಡಿ.

ಸಂದರ್ಶನ 3: ವರನ ತಾಯಿ. ಮಧ್ಯಾಹ್ನ 2:15, ಊಟದ ನಂತರ

ಅದಕ್ಕೂ ಮುಂಚೆ ಊಟದ ಪಂಕ್ತಿಯಲ್ಲಿ ಶೇಂಗಾ ಹೋಳಿಗೆಯ ಮೇಲೆ ತುಪ್ಪ ಬೀಳುವುದು, ಜೋಳದ ಕಟಕ ರೊಟ್ಟಿ ಮುರಿಯುವ ಸದ್ದು, ‘ಇನ್ನೊಂದು ಹಾಕ್ರಿ ಬೀಗರಿಗಿ’ ಎಂಬ ಒತ್ತಾಯ ಇವಿಷ್ಟು ಸಿಕ್ಕರೆ ಊಟದ ಭಾಗ ಮುಗಿಯಿತು.

ವರನ ತಾಯಿಯನ್ನು ಮಂಟಪದ ಹಿಂದಿನ ಕೋಣೆಯಲ್ಲಿ ಹತ್ತು ನಿಮಿಷ ಕೂರಿಸಬೇಕು. ಅವರಿಗೆ ಎರಡೇ ಪ್ರಶ್ನೆ: “ಅಫಜಲಪುರ ಬಿಟ್ಟು ಬಂದ ದಿನ ನಿಮಗೇನು ನೆನಪದ್ರಿ ಅವ್ವಾರ?” ಮತ್ತು “ಸೊಸಿ ಇವತ್ತ ಸಂಜಿಗಿ ಸೇತುವೆ ದಾಟೋ ಮುಂದ ನೀವು ಆಕಿಗಿ ಏನು ಹೇಳ್ತೀರಿ?” ಎರಡನೆಯದಕ್ಕೆ ಮೊದಲ ಭೇಟಿಯಲ್ಲಿ ಅವರು, “ಏನೂ ಹೇಳಂಗಿಲ್ಲ, ಬಾಜೂಕ ಕುಂದರ್ತೀನಿ” ಎಂದಿದ್ದರು. ಅದೇ ಮಾತು ಮತ್ತೆ ಬಂದರೆ ಅದರ ಹಿಂದೆಯೇ ಕಾರಿನ ಶಾಟ್ ಜೋಡಿಸುತ್ತೇವೆ.

ಕಳಿಸಿಕೊಡುವುದು ಮತ್ತು ಸೇತುವೆ

4:00ಕ್ಕೆ ಉಡಿ ತುಂಬಿ ಕಳಿಸುತ್ತಾರೆ. ಅಳುವವರ ಮುಖದ ಹತ್ತಿರ ಹೋಗಬೇಡಿ, ಉದ್ದ ಲೆನ್ಸಿನಿಂದ ದೂರ ನಿಂತೇ ತೆಗೆಯಿರಿ. ಅಪ್ಪ ಬಹುಶಃ ಅಳುವುದಿಲ್ಲ, ಕಾರಿನ ಡಿಕ್ಕಿಯಲ್ಲಿ ಸಾಮಾನು ಸರಿಪಡಿಸುತ್ತ ನಿಲ್ಲುತ್ತಾರೆ. ಅವರ ಕೈಗಳನ್ನು ಮರೆಯಬೇಡಿ.

ಕಾರು ಜೇವರ್ಗಿ ರಸ್ತೆ ಹಿಡಿದು ಸುಮಾರು ಐದು ಗಂಟೆಗೆ ಭೀಮಾ ಸೇತುವೆಗೆ ಬರುತ್ತದೆ. ಒಬ್ಬರು ಒಂದು ಗಂಟೆ ಮೊದಲೇ ಅಲ್ಲಿರಬೇಕು. ಡ್ರೋನ್ ಹಾರಿಸುವ ಜಾಗ ಹಸಿರು ವಲಯದಲ್ಲಿದೆಯೇ ಎಂದು ಹಿಂದಿನ ದಿನ ಡಿಜಿಟಲ್ ಸ್ಕೈ ನಕ್ಷೆಯಲ್ಲಿ ನೋಡಿಕೊಳ್ಳಿ; ಇಲ್ಲದಿದ್ದರೆ ದಂಡೆಯಿಂದ ಸಾಧಾರಣ ಶಾಟ್ ತೆಗೆದರಾಯಿತು. ಏಪ್ರಿಲ್‌ನಲ್ಲಿ ನೀರು ಕಡಿಮೆ ಇರುತ್ತದೆ, ಅದನ್ನು ತುಂಬಿದ ಹೊಳೆಯಂತೆ ತೋರಿಸುವ ಹಟ ಬೇಡ.

ಜೋಡಣೆಯ ಕ್ರಮ

0:00–0:40 ಕಪ್ಪು ಪರದೆ, ಬೀಸುಕಲ್ಲಿನ ಸದ್ದು, ಆಯಿಯ ಪದ, ಅರಿಶಿಣದ ಕೈ.
0:40–1:50 ಹಾಲಗಂಬ ಮತ್ತು ಹಂದರ; ಅಪ್ಪನ ಮಾತು ಚಿತ್ರಗಳ ಮೇಲೆ ಹರಿಯುತ್ತದೆ.
1:50–2:40 ಸುರಗಿಯ ನೂಲು. ಇಲ್ಲಿ ಯಾರ ಮಾತೂ ಇಲ್ಲ.
2:40–3:20 ಬೀಗರು, ದೇವಸ್ಥಾನ, ಮೆರವಣಿಗೆ.
3:20–4:50 ಮುಹೂರ್ತ, ನಡುವೆ ಆಯಿ ಹೇಳುವ ಒಡಪು.
4:50–5:15 ಊಟ.
5:15–6:10 ಕಳಿಸಿಕೊಡುವುದು, ವರನ ತಾಯಿಯ ಮಾತು, ಸೇತುವೆ.
6:10–7:00 ಶಹಾಪುರದ ಹೊಸ್ತಿಲು.

ಕೊನೆಯ ದೃಶ್ಯ

ಮನೆ ತುಂಬಿಸಿಕೊಳ್ಳುವುದು 6:20ರ ಸುಮಾರಿಗೆ, ಹೊತ್ತು ಮುಳುಗುವ ಮುಂಚೆ. ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಗುಡ್ಡದ ಒಂದು ಶಾಟ್, ಅದರ ಬೆನ್ನಿಗೇ ಮನೆಯ ಬಾಗಿಲು. ಕ್ಯಾಮೆರಾ ಒಳಗಡೆ, ನೆಲದ ಮಟ್ಟದಲ್ಲಿ, ಜೋಳ ತುಂಬಿದ ಸೇರಿನ ಹಿಂದೆ ಇರಲಿ. ಮೈಕ್ ಚೌಕಟ್ಟಿನ ಮೇಲೆ. ನಾದಿನಿಯರು ಬಾಗಿಲು ಅಡ್ಡಗಟ್ಟಿ ಹೆಸರು ಹೇಳು ಎನ್ನುತ್ತಾರೆ. ಭಾಗ್ಯಶ್ರೀ ಯಾವ ಒಡಪು ಹೇಳುತ್ತಾಳೆಂದು ಆಯಿಗೆ ಮಾತ್ರ ಗೊತ್ತು, ನಾವೂ ಕೇಳುವುದು ಬೇಡ. ಅವಳು ತಡವರಿಸಿದರೆ ಆ ತಡವರಿಕೆಯನ್ನೂ ಕತ್ತರಿಸುವುದಿಲ್ಲ. ಹೆಸರು ಬಂದೊಡನೆ ಬಲಗಾಲು, ಸೇರು ಉರುಳುತ್ತದೆ, ಜೋಳ ಲೆನ್ಸಿನವರೆಗೆ ಹರಿದು ಬರುತ್ತದೆ, ಪರದೆ ಕಪ್ಪಾಗುತ್ತದೆ. ನಗುವಿನ ಧ್ವನಿ ಮಾತ್ರ ಮೂರು ಸೆಕೆಂಡು ಉಳಿಯುತ್ತದೆ.