ಲತಾಗೆ, ಒಂದನೇ ತಾರೀಖಿಗೆ ಮುಂಚೆ

ತುಮಕೂರು
15 ಮಾರ್ಚ್ 2025

ಪ್ರೀತಿಯ ಲತಾ,

ನಿನ್ನೆ ಬಸ್ಸಿಂದ ಇಳಿಯುವಾಗ ನೀನು ಕೇಳಿದ್ದಕ್ಕೆ ಬಾಗಿಲಲ್ಲಿ ನಿಂತು ಉತ್ತರ ಹೇಳಲಾಗಲಿಲ್ಲ. "ಅಕ್ಕ, ಒಂದನೇ ತಾರೀಖಿಂದ ನಾನು ಏನ್ ಹಾಕ್ಕೊಂಡ್ ಬರ್ಲಿ?" ಅಂದೆ. ಹಿಂದಿನ ಸೀಟಿನವರು ನಕ್ಕರು. ನನಗೆ ನಗು ಬರಲಿಲ್ಲ. ಹನ್ನೊಂದು ವರ್ಷ ಬೆಳಗಾದರೆ ಅದೇ ನೀಲಿ ಅಂಗಿ ತೊಟ್ಟು ವಸಂತನರಸಾಪುರದ ಬಸ್ಸು ಹತ್ತಿದವಳು ನೀನು. ಬೀರು ತೆರೆದು ನಿಂತು ಯೋಚನೆ ಮಾಡುವ ಕೆಲಸ ನಿನಗೆ ಯಾವತ್ತೂ ಇರಲಿಲ್ಲ. ಈಗ ಅಸಿಸ್ಟೆಂಟ್ ಮ್ಯಾನೇಜರ್ ಅಂತ ಪತ್ರ ಕೈಗೆ ಬಂದಿದೆ, ಯೂನಿಫಾರ್ಮ್ ವಾಪಸ್ ಕೊಡು ಅಂತಲೂ ಹೇಳಿದ್ದಾರೆ. ಗಾಬರಿ ಆಗುವುದು ಸಹಜ. ಅದಕ್ಕೇ ಊಟ ಮುಗಿಸಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ನಾನು ಮಾಡಿದ ತಪ್ಪು ಹೇಳುತ್ತೇನೆ. ಇದನ್ನು ಯಾರಿಗೂ ಪೂರ್ತಿ ಹೇಳಿಲ್ಲ.

ನನಗೆ ಮೊದಲ ಬಡ್ತಿ ಸಿಕ್ಕಿದ್ದು ಈ ಕಂಪನಿಯಲ್ಲಲ್ಲ, ಹಿಂದಿನ ಕಡೆ. ಖುಷಿಗೆ ಎಂ.ಜಿ. ರಸ್ತೆಗೆ ಹೋಗಿ ಮೂರು ಜಾರ್ಜೆಟ್ ಸೀರೆ ತಂದೆ. ತಿಳಿ ಬಣ್ಣ, ಅಗಲ ಅಂಚು. ಜೊತೆಗೆ ಹಿಮ್ಮಡಿ ಎತ್ತರದ ಚಪ್ಪಲಿ. ಮೊದಲ ವಾರ ಎಲ್ಲರೂ ಚೆನ್ನಾಗಿದೆ ಅಂದರು. ಎರಡನೇ ವಾರ ಒಂದು ಮಧ್ಯಾಹ್ನ ಲೈನ್ ಪಕ್ಕ ಹಾದು ಹೋಗುತ್ತಿದ್ದೆ. ಡ್ರಿಲ್ಲಿಂಗ್‌ನಲ್ಲಿದ್ದ ಒಬ್ಬ ಹೆಂಗಸು, ನನ್ನ ಜೊತೆ ನಾಲ್ಕು ವರ್ಷ ಒಂದೇ ಡಬ್ಬಿಯಲ್ಲಿ ಊಟ ಹಂಚಿಕೊಂಡವಳು, ಕೈಯಲ್ಲಿ ಒಂದು ಪೀಸ್ ಹಿಡಿದು ನನ್ನ ಕಡೆ ಎರಡು ಹೆಜ್ಜೆ ಬಂದಳು. ಬಂದವಳು ನಿಂತಳು. ತನ್ನ ಎಣ್ಣೆಗೈ ನೋಡಿಕೊಂಡಳು, ನನ್ನ ಸೀರೆ ನೋಡಿದಳು. "ಆಮೇಲ್ ಹೇಳ್ತೀನಿ ಮೇಡಂ, ಸೀರೆಗೆ ಮೆತ್ಕೊಂತೈತೆ" ಅಂದು ಹಿಂದಕ್ಕೆ ಹೋದಳು. ನಾನೂ ಕೇಳದೆ ಮುಂದೆ ಹೋದೆ. ಅವಳು ತೋರಿಸಲು ಬಂದಿದ್ದು ತೂತಿನ ಅಂಚಿನಲ್ಲಿ ಉಳಿಯುತ್ತಿದ್ದ ಬರ್. ಶಿಫ್ಟ್ ಮುಗಿಯುವ ಹೊತ್ತಿಗೆ ಇಡೀ ಲಾಟು ರಿಜೆಕ್ಟ್ ಆಗಿತ್ತು. ಲಾಟು ಹೋಗಿದ್ದಕ್ಕಿಂತ ಅವಳ ಬಾಯಲ್ಲಿ ಬಂದ "ಮೇಡಂ" ನನಗೆ ಬಹಳ ದಿನ ಚುಚ್ಚಿತು. ಅಲ್ಲಿಯವರೆಗೆ ಅವಳು ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದಳು.

ಹಾಗಾಗಿ ನಿನ್ನ ಪ್ರಶ್ನೆಗೆ ನನ್ನ ಉತ್ತರ ಇಷ್ಟೇ: ಎಣ್ಣೆಗೈಯವರು ಹಿಂಜರಿಯದೆ ನಿನ್ನ ಹತ್ತಿರ ಬಂದು ನಿಲ್ಲುವಂಥ ಬಟ್ಟೆ ಹಾಕಿಕೋ. ಚೆಂದ, ಬೆಲೆ, ಬಣ್ಣ ಎಲ್ಲ ಆಮೇಲೆ.

"ಹಾಗಾದ್ರೆ ನೀಲಿ ಅಂಗೀಲೇ ಇದ್ಬಿಡ್ತೀನಿ" ಅಂತ ನೀನು ಅನ್ನುತ್ತೀಯ, ಗೊತ್ತು. ಬೇಡ. ಹೊಸದಾಗಿ ಸೇರಿದ ಹುಡುಗಿಗೆ ಹೊಟ್ಟೆನೋವು ಬಂದು ಮನೆಗೆ ಹೋಗಬೇಕಾದಾಗ, ಗೇಟ್ ಪಾಸಿಗೆ ಸಹಿ ಹಾಕುವವರು ಯಾರು ಅಂತ ದೂರದಿಂದಲೇ ಅವಳಿಗೆ ಕಾಣಬೇಕು. ಇನ್ನೊಂದು ವಿಷಯವೂ ಇದೆ. ನಾಳೆ ನಿನ್ನ ಗೆಳತಿಯರಿಗೇ ಓವರ್‌ಟೈಮ್ ಇಲ್ಲ, ರಜ ಇಲ್ಲ ಅನ್ನಬೇಕಾಗುತ್ತದೆ. ಅವರದೇ ಅಂಗಿ ತೊಟ್ಟು ಅದನ್ನು ಹೇಳಿದರೆ ಕೇಳುವವರಿಗೆ ಮೋಸ ಅನ್ನಿಸುತ್ತದೆ. ಹುದ್ದೆ ಒಪ್ಪಿಕೊಂಡಿದ್ದೀಯ. ಒಪ್ಪಿಕೊಂಡಿದ್ದು ಬಟ್ಟೆಯಲ್ಲೂ ಕಾಣಲಿ.

ನಿನಗೆ ಸೀರೆಗಿಂತ ಕುರ್ತಾ ಪ್ಯಾಂಟೇ ಸರಿ ಅನ್ನುವುದು ನನ್ನ ಅಭಿಪ್ರಾಯ. ದಿನಕ್ಕೆ ಆರೇಳು ಸಲ ಮೆಟ್ಟಿಲು ಹತ್ತಿ ಇಳಿಯಬೇಕು, ಬಗ್ಗಿ ಟ್ರೇ ನೋಡಬೇಕು. ಕುರ್ತಾ ಮಂಡಿಯವರೆಗೆ ಇದ್ದರೆ ಸಾಕು, ಅದಕ್ಕಿಂತ ಉದ್ದ ಬೇಡ. ಕಾಲರ್ ಇಡಿಸು. ಕಾಲರ್ ಇದ್ದರೆ ದುಪಟ್ಟಾ ಇಲ್ಲದೆಯೂ ಮೈ ತುಂಬಿದ ಹಾಗೆ ಕಾಣುತ್ತದೆ, ಮೀಟಿಂಗಿಗೂ ಹೊಂದುತ್ತದೆ. ದುಪಟ್ಟಾ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಆಫೀಸಿನಲ್ಲಿ ಬೇಕಾದರೆ ಹಾಕಿಕೋ, ಶಾಪ್ ಬಾಗಿಲಲ್ಲಿ ತೆಗೆದಿಡು. ಸುತ್ತಿ ಸೊಂಟಕ್ಕೆ ಕಟ್ಟಿಕೊಂಡೆ ಅಂತ ಹೇಳಬೇಡ, ಗಂಟು ಸಡಿಲ ಆಗುವುದಕ್ಕೆ ಒಂದು ನಿಮಿಷ ಬೇಡ. ಓಡುವ ಯಂತ್ರದ ಹತ್ತಿರ ಕೈಹಾಕುವವರು ಬಿಗಿಯಾದ ಬಟ್ಟೆ ತೊಟ್ಟಿರಬೇಕು ಅಂತ 1948ರ ಕಾರ್ಖಾನೆ ಕಾಯ್ದೆಯಲ್ಲೇ ಬರೆದಿದ್ದರು. ಅದನ್ನು ನೀನೇ ಹುಡುಗಿಯರಿಗೆ ಎಷ್ಟು ಸಲ ಹೇಳಿದ್ದೀಯ! ಈಗ ಸಡಿಲ ಬಟ್ಟೆಯಲ್ಲಿ ನೀನೇ ಒಳಗೆ ಹೋದರೆ ನಾಳೆಯಿಂದ ಯಾರ ಜಡೆಯೂ ಟೋಪಿಯೊಳಗೆ ಇರುವುದಿಲ್ಲ. ಬಳೆ, ಉಂಗುರ, ಕೊರಳಿನ ಸರ ಎಲ್ಲಕ್ಕೂ ಇದೇ ಮಾತು. ತಾಳಿ ಸರ ಕಾಲರ್ ಒಳಗೆ ಹೋಗಲಿ, ಕೈಯ ಉಂಗುರ ಮನೆಯಲ್ಲೇ ಇರಲಿ.

ಜೇಬು! ಟೈಲರ್‌ಗೆ ಮರೆಯದೆ ಹೇಳು, ಎರಡೂ ಕಡೆ ಜೇಬು ಬೇಕು, ಆಳವಾಗಿ. ಹೆಣ್ಣುಮಕ್ಕಳ ಕುರ್ತಾಗೆ ಜೇಬು ಯಾಕೆ ಅಂತ ಅವರು ಕೇಳುತ್ತಾರೆ. ಪೆನ್ನು, ಫೋನು, ಸಣ್ಣ ಡೈರಿ, ಕೆಲವೊಮ್ಮೆ ವರ್ನಿಯರ್ ಕೂಡ ಇಟ್ಟುಕೊಂಡು ಎರಡೂ ಕೈ ಖಾಲಿ ಇರಬೇಕು. ಯಾರಾದರೂ ಪೀಸ್ ತೋರಿಸಿದರೆ ಕೈಚಾಚಿ ತೆಗೆದುಕೊಳ್ಳಬೇಕು. ಕೈಯಲ್ಲಿ ಬ್ಯಾಗ್ ಹಿಡಿದು ಲೈನಿಗೆ ಹೋಗುವ ಮ್ಯಾನೇಜರ್ ಹೊರಟು ನಿಂತವರ ಹಾಗೆ ಕಾಣುತ್ತಾರೆ.

ಬಟ್ಟೆ ಹತ್ತಿಯದೇ ಇರಲಿ. ನೀನು ಚಾರ್ಜ್ ತೆಗೆದುಕೊಳ್ಳುವುದು ಏಪ್ರಿಲ್‌ನಲ್ಲಿ, ನಮ್ಮ ಶೀಟಿನ ಛಾವಣಿ ಕೆಳಗೆ ಆ ತಿಂಗಳು ಹೇಗಿರುತ್ತದೆ ಅಂತ ನಿನಗೆ ಹೇಳಬೇಕಾಗಿಲ್ಲ. ಪಾಲಿಯೆಸ್ಟರ್ ಇಸ್ತ್ರಿ ಕೆಡುವುದಿಲ್ಲ ಅಂತ ಅಂಗಡಿಯವರು ಹೇಳುತ್ತಾರೆ, ಅದು ನಿಜವೇ. ಆದರೆ ಹತ್ತಿ ನೂಲು ಗಾಳಿಯಿಂದಲೇ ತನ್ನ ತೂಕದ ನೂರಕ್ಕೆ ಎಂಟು ಪಾಲಿನಷ್ಟು ತೇವ ಹಿಡಿದುಕೊಳ್ಳುತ್ತದೆ, ಪಾಲಿಯೆಸ್ಟರ್ ಅರ್ಧ ಪಾಲೂ ಹಿಡಿಯುವುದಿಲ್ಲ. ಬೆವರು ಮೈಮೇಲೇ ನಿಲ್ಲುತ್ತದೆ. ಮಧ್ಯಾಹ್ನ ಮೂರರ ಮೀಟಿಂಗಿಗೆ ಹೋಗುವಾಗ ನಿನ್ನ ಬಟ್ಟೆ ವಾಸನೆ ಬರುತ್ತಿದೆಯೇನೋ ಅನ್ನುವ ಅಳುಕು ಒಂದಿದ್ದರೆ ಬಾಯಿಂದ ಮಾತೇ ಹೊರಡುವುದಿಲ್ಲ. ಮೇಲಾಗಿ ನಿನ್ನ ಓಡಾಟ ಹೀಟ್ ಟ್ರೀಟ್‌ಮೆಂಟ್ ಕಡೆಗೂ ಇರುತ್ತದೆ. ಬೆಂಕಿಗೆ ಸಿಕ್ಕರೆ ಪಾಲಿಯೆಸ್ಟರ್ ಕರಗಿ ಚರ್ಮಕ್ಕೆ ಅಂಟುತ್ತದೆ. ಅರ್ಧಂಬರ್ಧ ಮಿಶ್ರಣದ ಬಟ್ಟೆಯೂ ಆ ಕಡೆ ಬೇಡ.

ಬಣ್ಣ ಗಾಢ ಇರಲಿ. ಕಡುನೀಲಿ, ಇಟ್ಟಿಗೆ ಬಣ್ಣ, ಪಾಚಿ ಹಸಿರು. ಬಿಳಿಗೆ ಬಿದ್ದ ಕೂಲಂಟ್ ಕಲೆ ಎಷ್ಟು ಒಗೆದರೂ ಹಳದಿಯಾಗಿ ಉಳಿಯುತ್ತದೆ. ಕಲೆ ಬಿದ್ದೀತು ಅಂತ ನೀನು ಒಂದು ಸಲ ಹಿಂದೆ ಸರಿದರೂ ಲೈನಿನವರು ಅದನ್ನು ಮರೆಯುವುದಿಲ್ಲ.

ಕಂಪನಿ ಕೊಡುವ ಬೂದು ಕೋಟು ಬಂದ ದಿನವೇ ಅಳತೆ ಸರಿಮಾಡಿಸು. ಅದನ್ನು ಹೊಲಿಸುವುದು ಗಂಡಸರ ಅಳತೆಗೆ. ಭುಜದ ಹೊಲಿಗೆ ಭುಜದ ಮೂಳೆಯ ಮೇಲೇ ಕೂರಬೇಕು, ತೋಳು ಮಣಿಕಟ್ಟಿಗೆ ನಿಲ್ಲಬೇಕು. ನಾನು ಮೊದಲ ವರ್ಷ ಜೋತಾಡುವ ಕೋಟಿನಲ್ಲೇ ಓಡಾಡಿದೆ. ಆಡಿಟ್‌ಗೆ ಬಂದವರು ನನ್ನ ಪಕ್ಕದಲ್ಲಿದ್ದ ಹುಡುಗನನ್ನು ಮ್ಯಾನೇಜರ್ ಅಂದುಕೊಂಡು ಮಾತಾಡಿಸಿದರು. ಸರಿಯಾಗಿ ಕೂರದ ಬಟ್ಟೆ ಎಷ್ಟು ದುಬಾರಿಯಾದರೂ ಎರವಲು ತಂದ ಹಾಗೇ ಕಾಣುತ್ತದೆ.

ಸೀರೆ ಪೂರ್ತಿ ಬಿಡು ಅಂತ ಹೇಳುತ್ತಿಲ್ಲ. ಗ್ರಾಹಕರ ಭೇಟಿಗೆ ಪೀಣ್ಯಕ್ಕೆ ಹೋಗುವ ದಿನ, ಇಡೀ ದಿನ ಕಾನ್ಫರೆನ್ಸ್ ರೂಮಿನಲ್ಲೇ ಇರುವ ದಿನ ಉಟ್ಟುಕೋ. ಇಳಕಲ್ ಹತ್ತಿ ಸೀರೆ ಒಂದು ಸಾಕು, ಗಂಜಿ ಹಾಕಿ ಇಸ್ತ್ರಿ ಮಾಡಿಸಿದರೆ ಸಂಜೆವರೆಗೂ ನೆರಿಗೆ ನಿಲ್ಲುತ್ತದೆ. ನಿಮ್ಮಮ್ಮ ಕೊಟ್ಟ ಮೊಳಕಾಲ್ಮೂರು ರೇಷ್ಮೆ ಆಯುಧಪೂಜೆಗೆ ಇರಲಿ. ಅವತ್ತು ಯಂತ್ರ ಎಲ್ಲ ನಿಂತಿರುತ್ತವೆ, ಎಲ್ಲರೂ ಹೊಸದು ಉಟ್ಟಿರುತ್ತಾರೆ, ನೀನೂ ಅವರ ನಡುವೆ ನಿಂತು ಕುಂಕುಮ ಹಚ್ಚುತ್ತೀಯ. ನೀನು ಮುಡಿಯುವ ಕನಕಾಂಬರವನ್ನೂ ಬಿಡಬೇಡ. ಮ್ಯಾನೇಜರ್ ಆದಮೇಲೆ ಹೂವು ಮುಡಿಯಬಾರದು ಅಂತ ಯಾರೋ ಹೇಳಿದರಂತಲ್ಲ, ಅದನ್ನು ಕೇಳಿ ನನಗೆ ಬೇಸರ ಆಯಿತು. ಲೈನಿಗೆ ಹೋಗುವಾಗ ಟೋಪಿಯೊಳಗೆ ಸೇರಿಸು, ಅಷ್ಟೇ.

ಕಾಲಿಗೆ ಸೇಫ್ಟಿ ಶೂ. ಅದರಲ್ಲಿ ಚರ್ಚೆ ಇಲ್ಲ. ಆಫೀಸಿಗೆ ಬೇರೆ ಜೊತೆ ಇಟ್ಟುಕೊಂಡರೆ ಬದಲಾಯಿಸಲು ಸೋಮಾರಿತನ ಬಂದು ಚಪ್ಪಲಿಯಲ್ಲೇ ಶಾಪಿಗೆ ನುಗ್ಗುತ್ತೀಯ.

ದುಡ್ಡಿನ ಮಾತು. ಹೊಸ ಸಂಬಳ ಕೈಗೆ ಬರುವುದು ಏಪ್ರಿಲ್ ಮುಗಿದ ಮೇಲೆ, ಮಗಳ ಶಾಲೆ ಫೀಸ್ ಅದಕ್ಕೂ ಮುಂಚೆ. ಸಾಲ ಮಾಡಿ ಬಟ್ಟೆ ತರಬೇಡ. ಮೂರು ಕುರ್ತಾ, ಎರಡು ಕಪ್ಪು ಪ್ಯಾಂಟು, ಇಷ್ಟರಲ್ಲೇ ಎರಡು ತಿಂಗಳು ನಡೆಯುತ್ತದೆ. ಸೋಮವಾರದ ಕುರ್ತಾ ಗುರುವಾರ ಮತ್ತೆ ಬಂದರೆ ಯಾರೂ ಲೆಕ್ಕ ಇಡುವುದಿಲ್ಲ, ಒಗೆದು ಇಸ್ತ್ರಿ ಆಗಿದ್ದರೆ ಆಯಿತು. ಬಟ್ಟೆಯನ್ನು ಹೊಲಿಯಲು ಕೊಡುವ ಮುಂಚೆ ಒಂದು ರಾತ್ರಿ ನೀರಲ್ಲಿ ನೆನೆಸಿ ಒಣಗಿಸು. ಹೊಸ ಹತ್ತಿ ಮೊದಲ ಒಗೆತಕ್ಕೇ ಕುಗ್ಗುತ್ತದೆ. ಅಂಚಿನ ಒಳಗೆ ಒಂದಿಂಚು ಹೆಚ್ಚು ಬಟ್ಟೆ ಬಿಡಿಸು, ಆಮೇಲೆ ಬಿಚ್ಚಿಕೊಳ್ಳಬಹುದು.

ಬಸ್ಸಿನಲ್ಲಿ ಮಾತ್ರ ನಿನ್ನ ಹಳೇ ಜಾಗದಲ್ಲೇ ಕೂರು. ಮುಂದಿನ ಸೀಟು ಬಿಟ್ಟುಕೊಡುತ್ತಾರೆ, ಮೊದಲ ದಿನವೇ ಬಿಟ್ಟುಕೊಡುತ್ತಾರೆ. ನಾನು ಕೂತಿದ್ದೆ, ಮತ್ತೆ ಹಿಂದಕ್ಕೆ ಹೋಗುವುದಕ್ಕೆ ಆಗಲೇ ಇಲ್ಲ.

ಈಗ ಅವಸರದ ವಿಷಯ. ಮೂವತ್ತಕ್ಕೆ ಯುಗಾದಿ, ಅದರ ಬೆನ್ನಿಗೇ ರಂಜಾನ್. ಇನ್ನೆರಡು ದಿನ ಬಿಟ್ಟರೆ ಊರಲ್ಲಿ ಯಾವ ಟೈಲರೂ ಹೊಸ ಬಟ್ಟೆ ಹಿಡಿಯುವುದಿಲ್ಲ. ಚಿಕ್ಕಪೇಟೆಯಲ್ಲಿ ನನಗೆ ಹೊಲಿದುಕೊಡುವವರಿಗೆ ಫೋನ್ ಮಾಡಿ ಹೇಳಿದ್ದೇನೆ, ಮೂರು ಕುರ್ತಾ ಇಪ್ಪತ್ತೆಂಟರೊಳಗೆ ಕೊಡುತ್ತೇನೆ ಅಂದಿದ್ದಾರೆ. ಎರಡು ಕುರ್ತಾಗಾಗುವಷ್ಟು ಕಡುನೀಲಿ ಬಟ್ಟೆ ನನ್ನ ಬಳಿ ಇತ್ತು, ಇವತ್ತೇ ನೆನೆಸಿ ಒಣಹಾಕಿದ್ದೇನೆ. ಅದು ನನ್ನ ಕಡೆಯಿಂದ ನಿನಗೆ, ಬೇಡ ಅನ್ನಬೇಡ. ನಾಳೆ ಭಾನುವಾರ ಹನ್ನೊಂದಕ್ಕೆ ಮನೆಗೆ ಬಾ, ಇನ್ನೊಂದಕ್ಕೆ ಬಟ್ಟೆ ದಾರಿಯಲ್ಲಿ ನೋಡೋಣ. ಅಳತೆಗೆ ನಿನಗೆ ಚೆನ್ನಾಗಿ ಕೂರುವ ಹಳೇ ಕುರ್ತಾ ಒಂದು ತಾ. ಸೇಫ್ಟಿ ಶೂ ಹಾಕಿಕೊಂಡೇ ಬಾ, ಪ್ಯಾಂಟಿನ ಉದ್ದ ಅದರ ಮೇಲೇ ನೋಡಬೇಕು.

ನಿನ್ನ
ಸರೋಜಕ್ಕ